ಅಜ್ಜಿಯ ಮುಖಕ್ಕೆ ಬೆಳಕು ಎತ್ತಲಿಂದ ಬಂತು? ಡಾಡ್ಜ್–ಬರ್ನ್: ತಪ್ಪು ಕಲ್ಪನೆ ಮತ್ತು ವಾಸ್ತವ

ಫೋಟೊದಲ್ಲಿ ಬೇಕಾದ ಜಾಗವನ್ನಷ್ಟೇ ಆರಿಸಿಕೊಂಡು ತುಸು ತಿಳಿ ಮಾಡಿದರೆ ಅದು ಡಾಡ್ಜ್, ತುಸು ಗಾಢ ಮಾಡಿದರೆ ಅದು ಬರ್ನ್. ಕೆಲಸ ಇಷ್ಟೇ. ಆದರೆ ಸ್ಟುಡಿಯೊಗಳಲ್ಲಿ, ಮದುವೆ ಆಲ್ಬಮ್ ಮಾಡುವವರಲ್ಲಿ, ಫೋನಿನಲ್ಲೇ ಎಡಿಟಿಂಗ್ ಕಲಿಯುವ ಹುಡುಗರಲ್ಲಿ ಇದರ ಬಗ್ಗೆ ಹಬ್ಬಿರುವ ನಂಬಿಕೆಗಳು ಮಾತ್ರ ಬಹಳ. ಹೆಚ್ಚಿನವನ್ನು ಒಂದು ಕಾಲಕ್ಕೆ ನಾವೂ ನಂಬಿದ್ದೆವು. ನಂಬಲು ಕಾರಣಗಳೂ ಇದ್ದವು, ಹಾಗಾಗಿ ಒಂದೊಂದಕ್ಕೂ ಸರಿಯಾದ ಉತ್ತರ ಕೊಡಬೇಕಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಫೋಟೊವನ್ನು ಎದುರಿಗೆ ಇಟ್ಟುಕೊಳ್ಳೋಣ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಾರೆ. ಚಿತ್ರದ ಎಡಗಡೆಗೆ ಒಂದೇ ಒಂದು ಕಿಟಕಿ. ಬಲಗಡೆ ಗೋಡೆ, ಅಲ್ಲಿ ಬೇರೆ ದೀಪವಿಲ್ಲ. ನಸುಗಪ್ಪು ಮೈಬಣ್ಣ, ನರೆತ ಕೂದಲು, ಮೂಗುಬೊಟ್ಟು, ಹಣೆಯಲ್ಲಿ ಕುಂಕುಮ. ಮನೆಯವರಿಗೆ ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬೇಕಿದೆ.

ತಪ್ಪು ಕಲ್ಪನೆ: ಇದು ಕಂಪ್ಯೂಟರ್ ಬಂದಮೇಲೆ ಹುಟ್ಟಿದ ಕಣ್ಕಟ್ಟು. ರೀಲಿನ ಕಾಲದ ಫೋಟೊಗಳು ಕ್ಯಾಮೆರಾ ಕಂಡದ್ದನ್ನು ಕಂಡಂತೆಯೇ ತೋರಿಸುತ್ತಿದ್ದವು.

ವಾಸ್ತವ: ಡಾಡ್ಜ್, ಬರ್ನ್ ಎಂಬ ಎರಡೂ ಹೆಸರು ಡಾರ್ಕ್ ರೂಮಿನವು. ಎನ್ಲಾರ್ಜರ್ ಕೆಳಗೆ ಕಾಗದ ಇಟ್ಟು, ನೆಗೆಟಿವ್ ಮೂಲಕ ಬೆಳಕು ಬಿಟ್ಟರೆ ಪ್ರಿಂಟ್ ಮೂಡುತ್ತಿತ್ತು. ಕಾಗದಕ್ಕೆ ಬೆಳಕು ಹೆಚ್ಚು ಬಿದ್ದಷ್ಟೂ ಆ ಜಾಗ ಕಪ್ಪಾಗುತ್ತಿತ್ತು. ಇಡೀ ಪ್ರಿಂಟಿಗೆ 20 ಸೆಕೆಂಡ್ ಬೆಳಕು ಬೇಕು ಎಂದಿಟ್ಟುಕೊಳ್ಳಿ. ಸಣ್ಣ ರಟ್ಟಿನ ಬಿಲ್ಲೆಯನ್ನು ತಂತಿಗೆ ಸಿಕ್ಕಿಸಿ, ಅದರ ನೆರಳು ಕಣ್ಣಿನ ಭಾಗದ ಮೇಲೆ ಬೀಳುವಂತೆ 4 ಸೆಕೆಂಡ್ ಹಿಡಿದರೆ ಅಲ್ಲಿಗೆ 16 ಸೆಕೆಂಡ್ ಬೆಳಕು ಮಾತ್ರ ಸಿಗುತ್ತದೆ, ಕಣ್ಣು ತಿಳಿಯಾಗಿ ಮೂಡುತ್ತದೆ. ಅದು ಡಾಡ್ಜ್. ಆಮೇಲೆ ರಟ್ಟಿನಲ್ಲಿ ತೂತು ಮಾಡಿಯೋ, ಎರಡು ಕೈಗಳ ನಡುವೆ ಸಂದು ಬಿಟ್ಟೋ ಹಣೆಯ ಮೇಲೆ ಮಾತ್ರ ಇನ್ನೂ 5 ಸೆಕೆಂಡ್ ಬೆಳಕು ಬಿಟ್ಟರೆ ಹಣೆ ಗಾಢವಾಗುತ್ತದೆ. ಅದು ಬರ್ನ್. ರಟ್ಟನ್ನಾಗಲಿ ಕೈಯನ್ನಾಗಲಿ ಅಲುಗಾಡಿಸುತ್ತಲೇ ಇರಬೇಕು, ನಿಂತರೆ ಅಂಚು ಮೂಡಿಬಿಡುತ್ತದೆ. ಫೋಟೊಶಾಪಿನ ಡಾಡ್ಜ್ ಉಪಕರಣದ ಚಿಹ್ನೆ ಕಡ್ಡಿಯ ತುದಿಗಿರುವ ಅದೇ ಬಿಲ್ಲೆ. ಬರ್ನ್ ಚಿಹ್ನೆ ಬೆಳಕಿಗೆ ಸಂದು ಬಿಟ್ಟ ಅದೇ ಕೈ.

ದೊಡ್ಡವರ ಪ್ರಿಂಟುಗಳೂ ಹೀಗೇ ಆದವು. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಮೂಡಿದ್ದನ್ನು ತೆಗೆದರು. ಆ ಒಂದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಮಾಡುತ್ತ ಬಂದರು, ಆಕಾಶವನ್ನು ಬರ್ನ್ ಮಾಡಿ ಮಾಡಿ ಕಪ್ಪಾಗಿಸುತ್ತ ಹೋದರು. ಇನ್ನು ನಮ್ಮ ಊರುಗಳ ಸ್ಟುಡಿಯೊಗಳಲ್ಲಿ ಟಚಿಂಗ್ ಮಾಡುವವರು ನೆಗೆಟಿವ್ ಮೇಲೆಯೇ ಚೂಪು ಪೆನ್ಸಿಲ್ ಹಿಡಿಯುತ್ತಿದ್ದರು. ಪೆನ್ಸಿಲ್ ಸೀಸ ನೆಗೆಟಿವ್ ಮೇಲೆ ಕುಳಿತ ಕಡೆ ಬೆಳಕು ತಡೆಯುತ್ತದೆ, ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ನಮ್ಮ ಮನೆಗಳ ಹಳೆಯ ಕಪ್ಪು–ಬಿಳುಪು ಫೋಟೊಗಳಲ್ಲಿ ಹಿರಿಯರ ಮುಖ ಅಷ್ಟು ನಯವಾಗಿ ಕಾಣುವುದರಲ್ಲಿ ಆ ಪೆನ್ಸಿಲಿನ ಪಾಲು ದೊಡ್ಡದು.

ತಪ್ಪು ಕಲ್ಪನೆ: ಮುಖಕ್ಕೆ ಒಂದು ನಕ್ಷೆ ಇದೆ. ಹಣೆಯ ನಡು, ಮೂಗಿನ ಏಣು, ಕೆನ್ನೆಮೂಳೆ, ಗದ್ದ, ಇಷ್ಟನ್ನು ತಿಳಿ ಮಾಡಬೇಕು. ಕೆನ್ನೆಯ ತಗ್ಗು, ಮೂಗಿನ ಎರಡು ಬದಿ, ದವಡೆಯ ಅಂಚು, ಇವನ್ನು ಗಾಢ ಮಾಡಬೇಕು. ಯಾರ ಮುಖಕ್ಕಾದರೂ ಇದೇ ಸೂತ್ರ.

ವಾಸ್ತವ: ಈ ನಕ್ಷೆ ಮೇಕಪ್ ಪೆಟ್ಟಿಗೆಯಿಂದ ಬಂದದ್ದು. ಮೇಕಪ್ ಹಚ್ಚುವವರಿಗೆ ಮುಖದ ಮೇಲೆ ಮುಂದೆ ಯಾವ ಬೆಳಕು ಬೀಳುತ್ತದೋ ಗೊತ್ತಿರುವುದಿಲ್ಲ. ಬೆಳಕು ಎದುರಿನಿಂದ, ಮೇಲಿನಿಂದ ಬರುತ್ತದೆ ಎಂದುಕೊಂಡು ಹಚ್ಚುತ್ತಾರೆ. ಫೋಟೊದಲ್ಲಿ ಬೆಳಕು ಈಗಾಗಲೇ ಬಿದ್ದಾಗಿದೆ, ಎಲ್ಲಿಂದ ಬಿತ್ತು ಎಂಬುದಕ್ಕೆ ಸಾಕ್ಷಿಯೂ ಅಲ್ಲೇ ಇದೆ. ಅದನ್ನು ಓದದೆ ನಕ್ಷೆ ಹಿಡಿದರೆ ಒಂದೇ ಮುಖದ ಮೇಲೆ ಎರಡು ಸೂರ್ಯ ಹುಟ್ಟುತ್ತವೆ. ನೋಡುವವರು ಹೀಗೆಂದು ಬಿಡಿಸಿ ಹೇಳಲಾರರು, ಏನೋ ಸರಿಯಿಲ್ಲ ಎನ್ನುತ್ತಾರಷ್ಟೆ.

ಅಜ್ಜಿಯ ಫೋಟೊವನ್ನೇ ನೋಡಿ. ಮೊದಲು ಕಣ್ಣಿನೊಳಗಿನ ಬೆಳಕಿನ ಚುಕ್ಕೆ ಹುಡುಕಬೇಕು. ಎರಡೂ ಕಣ್ಣಲ್ಲಿ ಅದು ಪಾಪೆಯ ಎಡಮೇಲೆ, ಗಡಿಯಾರದಲ್ಲಿ ಹತ್ತು ಗಂಟೆ ಇರುವ ಜಾಗದಲ್ಲಿದೆ. ಮೂಗಿನ ನೆರಳು ಬಲಕ್ಕೆ, ಸ್ವಲ್ಪ ಕೆಳಕ್ಕೆ ಚಾಚಿದೆ. ಅಂದರೆ ಬೆಳಕು ಎಡದಿಂದ, ಮುಖಕ್ಕಿಂತ ತುಸು ಎತ್ತರದಿಂದ ಬಂದಿದೆ. ನೆರಳಿನ ಬದಿಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ತಿಳಿಬೆಳಕಿನದೊಂದು ತ್ರಿಕೋನ ಉಳಿದಿದೆ. ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ಮುಖಗಳಲ್ಲಿ ಇದು ಮತ್ತೆ ಮತ್ತೆ ಕಾಣುವುದರಿಂದ ಫೋಟೊಗ್ರಾಫರುಗಳು ಇದನ್ನು ರೆಂಬ್ರಾಂಟ್ ಲೈಟಿಂಗ್ ಎನ್ನುತ್ತಾರೆ. ಈ ಮುಖದ ಆಕಾರ ಹೇಳುತ್ತಿರುವುದು ಈ ತ್ರಿಕೋನವೇ.

ಈಗ ಕೆಲಸ. ಹೊಳಪನ್ನು ಸೊನ್ನೆಯಿಂದ 255ರವರೆಗಿನ ಅಳತೆಯಲ್ಲಿ ಓದೋಣ, ಸೊನ್ನೆ ಕಡುಗಪ್ಪು, 255 ಅಚ್ಚಬಿಳಿ. ಫೋಟೊಶಾಪಿನ Info ಫಲಕ ಇದನ್ನು ತೋರಿಸುತ್ತದೆ. ಕಿಟಕಿಯ ಕಡೆಯ ಹಣೆ 205ರಷ್ಟಿದೆ, ಮುಖದಲ್ಲಿ ಎಲ್ಲಕ್ಕಿಂತ ಹೊಳೆಯುವ ಜಾಗ ಅದೇ. ಪಕ್ಕದಲ್ಲೇ ನರೆಗೂದಲೂ ಇರುವುದರಿಂದ ನೋಡುವವರ ಕಣ್ಣು ಸೀದಾ ಅಲ್ಲಿಗೆ ಓಡುತ್ತದೆ, ಅಜ್ಜಿಯ ಕಣ್ಣಿಗೆ ಬರುವುದು ಆಮೇಲೆ. ನಕ್ಷೆ ಹಣೆಯನ್ನು ತಿಳಿ ಮಾಡು ಎನ್ನುತ್ತದೆ. ಇಲ್ಲಿ ಮಾಡಬೇಕಾದದ್ದು ಅದಕ್ಕೆ ವಿರುದ್ಧ. ಅರ್ಧ ಹಣೆಯಷ್ಟು ಅಗಲದ ಮೆತ್ತನೆಯ ಬ್ರಷ್‌ನಿಂದ 192ರ ಸುಮಾರಿಗೆ ಇಳಿಸಿದರೆ ಸಾಕು. ಕಿಟಕಿಯ ಕಡೆಯ ಕಿವಿಯನ್ನೂ ಅಷ್ಟೇ ತಗ್ಗಿಸಬೇಕು. ಆಮೇಲೆ ನೆರಳಿನ ಬದಿಯ ತ್ರಿಕೋನ: 118 ಇರುವುದನ್ನು 126ಕ್ಕೆ ಎತ್ತಬೇಕು, ಆದರೆ ಅದರ ಅಂಚು ನೆರಳಿಗೆ ಕರಗುವ ಜಾಗವನ್ನು ಮುಟ್ಟಬಾರದು. ಕೊನೆಗೆ ದವಡೆ. ನೆರಳಿನ ಕಡೆ ದವಡೆಯೂ ಕುತ್ತಿಗೆಯೂ ಒಂದಾಗಿ ಕಾಣುತ್ತವೆ. ದವಡೆಯ ಮೇಲೆ ಬಿಳಿ ಗೆರೆ ಎಳೆಯುವ ಅಗತ್ಯವಿಲ್ಲ, ಅದರ ಕೆಳಗಿನ ಕುತ್ತಿಗೆಯನ್ನು 80ರಿಂದ 72ಕ್ಕೆ ಇಳಿಸಿದರೆ ದವಡೆ ತಾನಾಗಿಯೇ ಬೇರೆಯಾಗಿ ನಿಲ್ಲುತ್ತದೆ.

ಮೂಗಿನ ವಿಷಯ ಬೇರೆಯೇ ಹೇಳಬೇಕು, ನಕ್ಷೆಯ ತಪ್ಪು ಎಲ್ಲಕ್ಕಿಂತ ಬೇಗ ಸಿಕ್ಕಿಬೀಳುವುದು ಅಲ್ಲೇ. ಬೆಳಕು ಎಡದಿಂದ ಬಂದಾಗ ಹೊಳಪಿನ ಗೆರೆ ಮೂಗಿನ ನಟ್ಟನಡುವೆ ಇರುವುದಿಲ್ಲ, ಏಣಿನ ಎಡಗಡೆಗೆ ಸರಿದಿರುತ್ತದೆ. ತುದಿಯಲ್ಲೂ ಹೊಳಪಿನ ಚುಕ್ಕೆ ಎಡಕ್ಕೇ ಇರುತ್ತದೆ. ನಡುವಿನಲ್ಲಿ ಬಿಳಿ ಗೆರೆ ಎಳೆದರೆ ಅದರ ಅರ್ಧ ಭಾಗ ನೆರಳಿನ ಬದಿಗೆ ಬಿದ್ದು ಮೂಗಿನ ಮೇಲೆ ಸುಣ್ಣ ಬಳಿದಂತಾಗುತ್ತದೆ. ಇನ್ನು ಎರಡೂ ಬದಿ ಗಾಢ ಮಾಡಿದರೆ ಬೆಳಕು ಬಿದ್ದ ಬದಿಯಲ್ಲಿ ಕಾರಣವೇ ಇಲ್ಲದ ನೆರಳು ನಿಲ್ಲುತ್ತದೆ. ಇರುವ ಹೊಳಪನ್ನೇ, ಇರುವ ಜಾಗದಲ್ಲೇ, ಒಂದು ಎಳೆ ಎತ್ತಬೇಕು.

ತಪ್ಪು ಕಲ್ಪನೆ: ಡಾಡ್ಜ್ ಮಾಡುವುದೆಂದರೆ ಮುಖ ಬೆಳ್ಳಗೆ ಮಾಡುವುದು. ಕಪ್ಪು ಮೈಬಣ್ಣದವರಿಗೆ ಇದು ಹೆಚ್ಚು ಬೇಕು.

ವಾಸ್ತವ: ಮದುವೆ ಆಲ್ಬಮ್‌ಗಳಲ್ಲಿ ಇದು ನಮ್ಮನ್ನು ನಿಜಕ್ಕೂ ನೋಯಿಸುವ ನಂಬಿಕೆ. ಹುಡುಗಿಯ ಮುಖ ಒಂದು ಬಣ್ಣ, ಬಳೆ ತೊಟ್ಟ ಕೈ ಇನ್ನೊಂದು ಬಣ್ಣ. ಪಕ್ಕದಲ್ಲಿ ನಿಂತ ಅವಳ ತಾಯಿಗೂ ಅವಳಿಗೂ ಸಂಬಂಧವೇ ಇಲ್ಲವೆಂಬಂತೆ ಕಾಣುತ್ತದೆ. ಅದು ಡಾಡ್ಜ್ ಅಲ್ಲ, ಬಣ್ಣ ಬದಲಾಯಿಸುವುದು. ಡಾಡ್ಜ್–ಬರ್ನ್ ಕೆಲಸದಲ್ಲಿ ಎತ್ತಿದಷ್ಟನ್ನು ಇನ್ನೊಂದು ಕಡೆ ಇಳಿಸುತ್ತ ಹೋಗುತ್ತೇವೆ. ಮೇಲಿನ ಉದಾಹರಣೆಯಲ್ಲಿ ಹಣೆ, ಕಿವಿ, ಕುತ್ತಿಗೆ ಇಳಿದವು, ಕೆನ್ನೆಯ ತ್ರಿಕೋನ ಏರಿತು. ಒಟ್ಟು ಮುಖದ ಸರಾಸರಿ ಹೊಳಪು ಮೊದಲು ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಪರೀಕ್ಷೆ ಸುಲಭ: ಮುಖವನ್ನಷ್ಟೇ ಆಯ್ಕೆ ಮಾಡಿ Histogram ಫಲಕದಲ್ಲಿ Mean ಎಷ್ಟಿದೆ ನೋಡಿ, ಕೆಲಸ ಮುಗಿದ ಮೇಲೆ ಮತ್ತೆ ನೋಡಿ. ಅಂಕಿ ಗಣನೀಯವಾಗಿ ಏರಿದ್ದರೆ ನಾವು ಮುಖ ತಿದ್ದಿಲ್ಲ, ಬಿಳುಪು ಬಳಿದಿದ್ದೇವೆ.

ಇನ್ನೊಂದು ಮಾತನ್ನು ಇಲ್ಲಿ ಗಮನಿಸಬೇಕು. ಬಿಳಿ ಚರ್ಮದಲ್ಲಿ ಮುಖದ ಏರಿಳಿತವನ್ನು ತೋರಿಸುವುದು ಹೆಚ್ಚಾಗಿ ನೆರಳು. ಕಪ್ಪು ಚರ್ಮದಲ್ಲಿ ಆ ಕೆಲಸವನ್ನು ಹೆಚ್ಚಾಗಿ ಮಾಡುವುದು ಹೊಳಪು, ಅಂದರೆ ಚರ್ಮದ ಮೇಲ್ಮೈಯಿಂದ ನೇರ ಚಿಮ್ಮುವ ಬೆಳಕು. ಮೈಬಣ್ಣ ಗಾಢವಾಗಿದ್ದಷ್ಟೂ ಆ ಹೊಳಪು ಎದ್ದು ಕಾಣುತ್ತದೆ, ಕೆನ್ನೆಮೂಳೆ ಎಲ್ಲಿ ತಿರುಗುತ್ತದೆ ಎಂದು ಅದೇ ಹೇಳುತ್ತದೆ. ಆದ್ದರಿಂದ ಅಜ್ಜಿಯಂಥವರ ಮುಖದಲ್ಲಿ ಇಡೀ ಕೆನ್ನೆಯನ್ನು ತಿಳಿ ಮಾಡಿದರೆ ಆಕಾರ ಹೆಚ್ಚುವುದಿಲ್ಲ, ಕಳೆದುಹೋಗುತ್ತದೆ. ಹೊಳಪಿರುವ ಕಿರಿದಾದ ಜಾಗವನ್ನು ಮಾತ್ರ ಎತ್ತಿ, ಸುತ್ತಲಿನ ಗಾಢ ಬಣ್ಣವನ್ನು ಹಾಗೇ ಬಿಟ್ಟರೆ ಮುಖಕ್ಕೆ ಮೈ ಬರುತ್ತದೆ, ಬಣ್ಣವೂ ಅವರದೇ ಆಗಿ ಉಳಿಯುತ್ತದೆ. ಹೊಳಪನ್ನು ಜಿಡ್ಡು ಎಂದುಕೊಂಡು ಅಳಿಸಿಬಿಡುವ ಅಭ್ಯಾಸವೂ ಇದೆ. ಅಳಿಸಿದರೆ ಮುಖ ಚಪ್ಪಟೆಯಾಗುತ್ತದೆ. ಬೆವರಿನಿಂದ ಬಂದ ಹೊಳಪು ಹೆಚ್ಚೆನಿಸಿದರೆ ತಗ್ಗಿಸಿ, ಪೂರ್ತಿ ತೆಗೆಯಬೇಡಿ.

ತಪ್ಪು ಕಲ್ಪನೆ: ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಪಕ್ಕದ ಗೆರೆ, ಇವೆಲ್ಲ ದೋಷಗಳು. ಸುತ್ತಲಿನ ಚರ್ಮದ ಮಟ್ಟಕ್ಕೆ ತಂದು ಅಳಿಸಿಬಿಡಬೇಕು.

ವಾಸ್ತವ: ಸುಕ್ಕನ್ನು ದೊಡ್ಡದು ಮಾಡಿ ನೋಡಿದರೆ ಅದು ಬರೀ ಕಪ್ಪು ಗೆರೆಯಲ್ಲ. ಒಂದು ಕಪ್ಪು ತಗ್ಗು, ಅದಕ್ಕೆ ಅಂಟಿಕೊಂಡೇ ಒಂದು ತಿಳಿ ದಿಬ್ಬ, ಎರಡೂ ಸೇರಿ ಸುಕ್ಕು. ಅದು ಆಳವಾಗಿ ಕಾಣುವುದು ಈ ಎರಡರ ನಡುವಿನ ಅಂತರದಿಂದ. ತಗ್ಗನ್ನು ಮಾತ್ರ ತಿಳಿ ಮಾಡುತ್ತ ಹೋದರೆ ದಿಬ್ಬ ಉಳಿದುಕೊಂಡು ಚರ್ಮದ ಮೇಲೆ ಬಿಳಿ ಬರೆಗಳು ಮೂಡುತ್ತವೆ. ಟಚಿಂಗ್ ಕೆಟ್ಟಿದೆ ಎಂದು ಗುರುತಿಸಲು ಇದೊಂದು ಖಚಿತ ಕುರುಹು. ತಗ್ಗನ್ನು ಸ್ವಲ್ಪ ಎತ್ತಿ, ದಿಬ್ಬವನ್ನು ಸ್ವಲ್ಪ ಇಳಿಸಿ, ಅಂತರವನ್ನು ಅರ್ಧಕ್ಕೆ ತಂದು ಅಲ್ಲಿಗೇ ನಿಲ್ಲಿಸಬೇಕು. ಗೆರೆ ಇದ್ದಲ್ಲೇ ಇರುತ್ತದೆ, ಮೊದಲು ಕಣ್ಣಿಗೆ ಬೀಳುವುದು ಮಾತ್ರ ಅದಾಗಿರುವುದಿಲ್ಲ.

ಕಣ್ಣಿನ ಕೆಳಗಿನ ಚೀಲವೂ ಹೀಗೇ. ಮೇಲೆ ಉಬ್ಬಿನ ತಿಳಿ, ಕೆಳಗೆ ಅದರ ನೆರಳು. ಅಜ್ಜಿಯ ಫೋಟೊದಲ್ಲಿ ನೆರಳು 78 ಇದ್ದರೆ 86ರವರೆಗೆ ಎತ್ತಬಹುದು. ಕೆನ್ನೆಯ ಮಟ್ಟಕ್ಕೇ ತಂದರೆ ಕಣ್ಣು ಗುಳಿಯೊಳಗೆ ಕುಳಿತಂತೆ ಕಾಣುವುದಿಲ್ಲ, ಮುಖದ ಮೇಲೆ ಅಂಟಿಸಿದಂತೆ ಕಾಣುತ್ತದೆ. ಇಲ್ಲೊಂದು ತೊಡಕೂ ಇದೆ. ಆ ಜಾಗದ ಚರ್ಮ ಗಾಢವಷ್ಟೇ ಅಲ್ಲ, ಬಣ್ಣದಲ್ಲೇ ಬೇರೆ. ಕಂದು ಅಥವಾ ನೀಲಿ ಛಾಯೆ ಇರುತ್ತದೆ. ಹೊಳಪು ಎತ್ತಿದರೆ ಬೂದಿ ಬಳಿದಂತೆ ಆಗುವುದು ಇದರಿಂದಲೇ. ಅದಕ್ಕೆ ಮದ್ದು ಇನ್ನಷ್ಟು ಡಾಡ್ಜ್ ಅಲ್ಲ. ಹೊಸ ಲೇಯರ್ ತೆಗೆದು, ಅದರ ಬ್ಲೆಂಡ್ ಮೋಡ್ Color ಎಂದಿಟ್ಟು, ಕೆನ್ನೆಯ ಬಣ್ಣವನ್ನೇ ಆಯ್ದು ತೆಳುವಾಗಿ ಹಚ್ಚಬೇಕು.

ಕಣ್ಣಿನ ಬಿಳಿಗುಡ್ಡೆಯನ್ನು ಬೆಳ್ಳಗೆ ಮಾಡುವವರಿಗೂ ಒಂದು ಮಾತು. ಕಣ್ಣುಗುಡ್ಡೆ ದುಂಡಗಿದೆ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳಲೇಬೇಕು. ಆ ನೆರಳು ಅಳಿದರೆ ಕಣ್ಣು ಹೆದರಿ ಬಿಟ್ಟಂತೆ ಕಾಣುತ್ತದೆ. ತಿಳಿ ಮಾಡಬೇಕಿದ್ದರೆ ಪಾಪೆಯ ಸುತ್ತಲಿನ ಬಣ್ಣದ ಉಂಗುರವನ್ನು, ಬೆಳಕಿನ ಚುಕ್ಕೆಯ ಎದುರು ಬದಿಯಲ್ಲಿ, ಅಂದರೆ ಇಲ್ಲಿ ಬಲಕೆಳಗೆ, ತುಸು ಎತ್ತಿ. ನಿಜವಾದ ಕಣ್ಣಿನಲ್ಲೂ ಬೆಳಕು ಒಳಹೊಕ್ಕು ಬೆಳಗುವುದು ಆ ಬದಿಯೇ.

ತಪ್ಪು ಕಲ್ಪನೆ: ಮುಖದ ಮೇಲೆ ನೆರಳಿರುವ ಫೋಟೊ ಅಶುಭ. ಗೋಡೆಗೆ ಹಾಕುವುದಾದರೆ ಎರಡೂ ಬದಿ ಒಂದೇ ಸಮನಾಗಿ ಬೆಳಗಬೇಕು.

ವಾಸ್ತವ: ಹೀಗೆ ಹೇಳುವ ಹಿರಿಯರನ್ನು ತಳ್ಳಿಹಾಕಬೇಕಾಗಿಲ್ಲ. ನೆರಳಿನ ಮೇಲಿನ ಈ ಅನುಮಾನ ನಮ್ಮಲ್ಲಿ ಮಾತ್ರ ಹುಟ್ಟಿದ್ದೂ ಅಲ್ಲ. ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿ ತನ್ನ ಚಿತ್ರ ಬರೆಸಿಕೊಳ್ಳಲು ನೆರಳು ಬೀಳದ ಬಯಲು ತೋಟವನ್ನೇ ಆರಿಸಿಕೊಂಡಳೆಂದು ಅವಳ ಚಿತ್ರಕಾರ ನಿಕೊಲಾಸ್ ಹಿಲಿಯರ್ಡ್ ಬರೆದಿಟ್ಟಿದ್ದಾನೆ. ನಮ್ಮಲ್ಲಿ ಇನ್ನೊಂದು ಲೌಕಿಕ ಕಾರಣವೂ ಸೇರಿತು. ಅರ್ಜಿಗೆ ಅಂಟಿಸಿದ ಫೋಟೊ ಜೆರಾಕ್ಸ್ ಆದಾಗ ನೆರಳಿದ್ದ ಅರ್ಧ ಮುಖ ಮಸಿ ಮೆತ್ತಿದಂತಾಗುತ್ತಿತ್ತು. ಎರಡೂ ಕಡೆ ದೀಪ ಇಟ್ಟು ತೆಗೆದರೆ ಆ ತೊಂದರೆ ಇಲ್ಲ. ಅರ್ಜಿಯ ಫೋಟೊಗೆ ಅದು ಸರಿಯೇ. ಗೋಡೆಯ ಫೋಟೊ ಜೆರಾಕ್ಸ್ ಆಗುವುದಿಲ್ಲವಲ್ಲ.

ನೆರಳನ್ನು ತೆಗೆದರೆ ಮೂಗು ಮುಂದೆ ಬಂದಿದೆ, ಕೆನ್ನೆ ಹಿಂದೆ ಸರಿದಿದೆ ಎಂದು ತೋರಿಸುವುದಕ್ಕೆ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ. ಆದರೂ ಮನೆಯವರಿಗೆ ಮನಸ್ಸು ಒಪ್ಪದಿದ್ದರೆ ದಾರಿಯಿದೆ. ನೆರಳಿನ ಬದಿಯನ್ನು ಒಂದೇ ದೊಡ್ಡ ಬ್ರಷ್‌ನಿಂದ, ಒಳಗಿನ ಏರಿಳಿತ ಕೆಡದಂತೆ, ಒಟ್ಟಾಗಿ ಎತ್ತಿ. ಬೆಳಕಿನ ಬದಿಗೂ ಅದಕ್ಕೂ ಇರುವ ಅಂತರ ಕಡಿಮೆಯಾಗಲಿ, ಆದರೆ ಯಾವ ಬದಿಯಿಂದ ಬೆಳಕು ಬಂತು ಎಂಬುದು ಮಾತ್ರ ತಿಳಿಯುತ್ತಿರಲಿ.

ತಪ್ಪು ಕಲ್ಪನೆ: ಡಾಡ್ಜ್ ಟೂಲ್, ಬರ್ನ್ ಟೂಲ್ ಎತ್ತಿಕೊಂಡು ಫೋಟೊದ ಮೇಲೇ ಉಜ್ಜಿದರೆ ಆಯಿತು. ಜೋರು ಹೆಚ್ಚಿಟ್ಟರೆ ಕೆಲಸ ಬೇಗ ಮುಗಿಯುತ್ತದೆ.

ವಾಸ್ತವ: ಮೂಲ ಚಿತ್ರದ ಮೇಲೇ ಉಜ್ಜಿ ಉಳಿಸಿಬಿಟ್ಟರೆ ಮರುದಿನ ಹೆಚ್ಚಾಯಿತು ಅನ್ನಿಸಿದಾಗ ಹಿಂದಕ್ಕೆ ಬರಲು ದಾರಿಯಿರುವುದಿಲ್ಲ. ಬೇರೆ ಲೇಯರ್ ಮೇಲೆ ಮಾಡಬೇಕು. ಸುಲಭವಾದ ಕ್ರಮವೆಂದರೆ ಹೊಸ ಲೇಯರ್ ತೆರೆಯುವಾಗ ಮೋಡ್ Soft Light ಎಂದಿಟ್ಟು, ಅದಕ್ಕೆ 50% ಬೂದುಬಣ್ಣ ತುಂಬುವುದು. ಆ ಮೋಡ್‌ನಲ್ಲಿ ನಡುಬೂದು ಕಾಣುವುದೇ ಇಲ್ಲ. ಅದರ ಮೇಲೆ ಬಿಳಿ ಹಚ್ಚಿದರೆ ಕೆಳಗಿನ ಚಿತ್ರ ತಿಳಿಯಾಗುತ್ತದೆ, ಕಪ್ಪು ಹಚ್ಚಿದರೆ ಗಾಢವಾಗುತ್ತದೆ. ತಪ್ಪಾದ ಕಡೆ ಮತ್ತೆ ನಡುಬೂದು ಹಚ್ಚಿದರೆ ಮೊದಲಿನಂತೆ ಆಗುತ್ತದೆ. ಇನ್ನೊಂದು ಕ್ರಮದಲ್ಲಿ ಎರಡು Curves ಲೇಯರ್ ಬೇಕು, ಒಂದು ತಿಳಿಗೆ, ಒಂದು ಗಾಢಕ್ಕೆ. ಎರಡರ ಮಾಸ್ಕನ್ನೂ ಕಪ್ಪು ಮಾಡಿಟ್ಟು, ಬೇಕಾದಲ್ಲಿ ಬಿಳಿ ಬ್ರಷ್ ಆಡಿಸುವುದು. ಮುಖಕ್ಕೆ ನಮಗೆ ಇದೇ ಹಿಡಿಸುತ್ತದೆ, ತಿಳಿ ಮತ್ತು ಗಾಢದ ಜೋರನ್ನು ಆಮೇಲೆ ಬೇರೆ ಬೇರೆಯಾಗಿ ತಗ್ಗಿಸಬಹುದು. ಹಣ ಕೊಟ್ಟು ಫೋಟೊಶಾಪ್ ಕೊಳ್ಳಲೇಬೇಕೆಂದೂ ಇಲ್ಲ. ಉಚಿತವಾಗಿ ಸಿಗುವ GIMP, Krita ಎರಡರಲ್ಲೂ ಲೇಯರ್ ಇಟ್ಟು ಈ ಕೆಲಸ ಮಾಡಬಹುದು.

ಬ್ರಷ್ ಅಂಚು ಪೂರ್ತಿ ಮೆತ್ತಗಿರಲಿ, ಅಂದರೆ Hardness ಸೊನ್ನೆ. Flow 1ರಿಂದ 3%. ಒಂದು ಸಲ ಎಳೆದರೆ ಏನೂ ಆದಂತೆ ಕಾಣಬಾರದು, ಹತ್ತಿಪ್ಪತ್ತು ಸಲ ಎಳೆದಾಗ ಸೇರಿಕೊಂಡು ಬರಬೇಕು. ಜೋರು ಇಪ್ಪತ್ತು, ಮೂವತ್ತಕ್ಕೆ ಇಟ್ಟರೆ ಪ್ರತಿ ಎಳೆತದ ಅಂಚೂ ಉಳಿದು ಮುಖದ ಮೇಲೆ ಕೊಳೆಯಂಥ ಕಲೆಗಳು ಕೂರುತ್ತವೆ.

ಬಣ್ಣದ ಮೇಲೂ ಕಣ್ಣಿರಲಿ. Curves ಲೇಯರಿನಿಂದ ಗಾಢ ಮಾಡಿದಾಗ ಚರ್ಮದ ಬಣ್ಣ ಏರಿ ಕೆಂಪಡರುತ್ತದೆ, ತಿಳಿ ಮಾಡಿದಾಗ ಬಣ್ಣ ಸೋರಿಹೋಗುತ್ತದೆ. ಮೋಡ್ Luminosity ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ಇದೆ, ಅದು ಅರ್ಧ ಸತ್ಯ. ಕೆಂಪು ಹೋಗುತ್ತದೆ, ಆದರೆ ಗಾಢ ಮಾಡಿದ ಜಾಗ ಕೆಲವೊಮ್ಮೆ ಬೂದುಗಟ್ಟುತ್ತದೆ. ಮೋಡ್ Normal ಆಗಿಯೇ ಬಿಟ್ಟು, ಗಾಢದ ಲೇಯರಿಗೆ ಮಾತ್ರ ತಗಲುವಂತೆ ಒಂದು Hue/Saturation ಲೇಯರ್ ಸೇರಿಸಿ ಬಣ್ಣವನ್ನು ತುಸು ಇಳಿಸುವುದು ಮೇಲು.

ಕೆಲಸ ಮಿತಿ ಮೀರಿದ್ದು ಮಾಡುತ್ತಿರುವಾಗ ಗೊತ್ತಾಗುವುದಿಲ್ಲ, ಕಣ್ಣು ಒಗ್ಗಿಕೊಂಡುಬಿಟ್ಟಿರುತ್ತದೆ. ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ, ಕಲೆಗಳಿದ್ದರೆ ಅಲ್ಲಿ ಎದ್ದುಬರುತ್ತವೆ. ಎಡಬಲ ತಿರುಗಿಸಿ ನೋಡಿ. ಮೇಲೊಂದು ಕಪ್ಪು–ಬಿಳುಪು ಲೇಯರ್ ಹಾಕಿದರೆ ಬಣ್ಣದ ಗೊಂದಲವಿಲ್ಲದೆ ಹೊಳಪಿನ ಏರಿಳಿತ ಮಾತ್ರ ಕಾಣುತ್ತದೆ, ಅದೂ ಒಳ್ಳೆಯದೇ. ಆದರೆ ಅದನ್ನು ಹಾಕಿಕೊಂಡೇ ಇಡೀ ಕೆಲಸ ಮುಗಿಸಬೇಡಿ. ಆ ನೋಟದಲ್ಲಿ ಸಹಜವಾದ ಏರಿಳಿತವೂ ದೋಷದಂತೆ ಕಾಣಿಸಿ, ಎಲ್ಲವನ್ನೂ ಸವರುತ್ತ ಹೋಗುತ್ತೇವೆ.

ತಪ್ಪು ಕಲ್ಪನೆ: ಬೆಳಕು ಹೆಚ್ಚಾಗಿ ಬೆಳ್ಳಗೆ ಸುಟ್ಟುಹೋದ ಹಣೆಯನ್ನು ಬರ್ನ್ ಮಾಡಿ ವಾಪಸ್ ತರಬಹುದು.

ವಾಸ್ತವ: 255 ಎಂದರೆ ಅಲ್ಲಿ ಚರ್ಮದ ವಿವರ ದಾಖಲಾಗಿಯೇ ಇಲ್ಲ. ಬರ್ನ್ ಮಾಡಿದರೆ ಹೆಚ್ಚೆಂದರೆ ಬಿಳಿ ಹೋಗಿ ಬೂದು ಬರುತ್ತದೆ, ರಂಧ್ರವಾಗಲಿ ಗೆರೆಯಾಗಲಿ ಬರುವುದಿಲ್ಲ. ಅಜ್ಜಿಯ ಹಣೆ 205 ಇದ್ದದ್ದರಿಂದ 192ಕ್ಕೆ ಇಳಿಯಿತು. ಕಡುಗಪ್ಪು ನೆರಳಿನದೂ ಇದೇ ಕಥೆ, ಎತ್ತಿದರೆ ಮರಳು ಮರಳಾದ ಕಾಳು ಮೇಲೇಳುತ್ತದೆ. ಫೋನಿನ ಜೆಪೆಗ್ ಫೋಟೊಗಳಲ್ಲಿ ಈ ಎಲ್ಲೆ ಇನ್ನೂ ಬೇಗ ಬರುತ್ತದೆ, ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದರಿಂದ ನಯವಾದ ಕೆನ್ನೆಯ ಮೇಲೆ ಪಟ್ಟೆಗಳೂ ಕಾಣಿಸಬಹುದು. ರಾ ಫೈಲ್ ಇದ್ದರೆ ಅದರಿಂದಲೇ ಶುರುಮಾಡಿ, 16 ಬಿಟ್‌ನಲ್ಲಿ ಕೆಲಸ ಮಾಡಿ. ಇಲ್ಲವಾದರೆ ತೆಗೆಯುವಾಗಲೇ ಕಿಟಕಿಗೆ ಒಂದು ತೆಳು ಬಿಳಿ ಪಂಚೆ ಇಳಿಬಿಡಿ, ಕುರ್ಚಿಯನ್ನು ಕಿಟಕಿಯಿಂದ ಎರಡಡಿ ಈಚೆಗೆ ಎಳೆದು, ಕೆನ್ನೆಯ ಮೇಲೆ ಬಿದ್ದ ಬೆಳಕಿಗಿಂತ ಹಣೆಯ ಹೊಳಪನ್ನು ನೋಡಿಕೊಂಡು ಎಕ್ಸ್‌ಪೋಷರ್ ಹೊಂದಿಸಿ.